ಸೀರೆ ಬದಲಾಗಲಿ, ಮುಖ ಬದಲಾಗದಿರಲಿ

ಮುರ್ಡೇಶ್ವರದ ಕಾಲೇಜೊಂದರ ಫ್ಯಾಷನ್ ಕ್ಲಬ್ಬಿನ ವಿದ್ಯಾರ್ಥಿನಿಯೊಬ್ಬಳು ಹೊಸದಾಗಿ ಸೇರಿದವರ ಮುಂದೆ ಆಡಿದ ಮಾತುಗಳಿವು.

2025ರ ಸೆಪ್ಟೆಂಬರಿನಲ್ಲಿ ಜೆಮಿನಿ ಆ್ಯಪ್‌ನ ಸೀರೆ ಫೋಟೊಗಳು ಇನ್‌ಸ್ಟಾಗ್ರಾಂ ತುಂಬ ಹರಿದಾಡಿದವು. ಅಂದಿನಿಂದ ಎಲ್ಲರೂ ಫೋಟೊ ಹಾಕಿ ‘ಇಳಕಲ್ ಸೀರೆ ಉಡಿಸು’ ಎಂದಷ್ಟೇ ಬರೆಯುತ್ತಾರೆ. ಬರುವುದು ಜರಿ ತುಂಬಿದ ಯಾವುದೋ ರೇಷ್ಮೆ ಸೀರೆ, ಜೊತೆಗೆ ಮುಖವೂ ಕೊಂಚ ಬೇರೆ. ನಾವು ಹೇಳದೆ ಬಿಟ್ಟದ್ದನ್ನು ಎಐ ತನ್ನ ಊಹೆಯಿಂದ ತುಂಬುತ್ತದೆ. ಹಾಗಾಗಿ ಪ್ರಾಂಪ್ಟ್‌ನಲ್ಲಿ ಏನು ಬದಲಾಗಬೇಕು ಎಂಬುದರ ಜೊತೆಗೆ ಏನು ಬದಲಾಗಬಾರದು ಎಂಬುದನ್ನೂ ಬರೆಯಿರಿ.

ನೀಲಿ ಕುರ್ತಾ ತೊಟ್ಟು, ಇಲ್ಲಿನ ಶಿವನ ಪ್ರತಿಮೆ ಹಿಂದೆ ಕಾಣುವಂತೆ ತೆಗೆಸಿಕೊಂಡ ಫೋಟೊ ಇದೆ ಎನ್ನಿ. ಹೀಗೆ ಬರೆಯಿರಿ:

‘ಕುರ್ತಾ ಬದಲು ಇಳಕಲ್ ಸೀರೆ ಉಡಿಸು. ಒಡಲು ದಾಳಿಂಬೆ ಬಣ್ಣದ ಹತ್ತಿ, ಜರಿ ಬೇಡ. ಸೆರಗು ಕೆಂಪು ರೇಷ್ಮೆ, ಅದರಲ್ಲಿ ಬಿಳಿಯ ಗೋಪುರದಂಥ ಹಲ್ಲುಗಳ ವಿನ್ಯಾಸ. ಸೆರಗು ಎಡ ಭುಜದ ಮೇಲೆ. ಕುಪ್ಪಸ ಮೊಣಕೈವರೆಗೆ. ಮುಖ, ಕೂದಲು, ನಿಂತ ಭಂಗಿ, ಹಿನ್ನೆಲೆ, ಬೆಳಕು ಇದ್ದಂತೆಯೇ ಇರಲಿ.’

ಚಿತ್ರ ಬಂದ ಮೇಲೆ ಹಿಗ್ಗಿಸಿ ನೋಡಿ. ಇಳಕಲ್ಲಿನ ಗುರುತು ಸೆರಗಿನ ತೋಪ್ ತೆನಿ. ಆ ಹಲ್ಲುಗಳು ಹೂಬಳ್ಳಿಯಾಗಿದ್ದರೆ ಅದು ಇಳಕಲ್ಲಲ್ಲ. ಬೆರಳು, ಬಳೆ, ಸೆರಗು ಭುಜ ದಾಟುವ ಜಾಗ ನೋಡಿ. ಹಿಂದಿನ ಶಿವನಿಗೆ ನಾಲ್ಕು ಕೈಗಳಿವೆಯೇ ಎಂದೂ ಎಣಿಸಿ. ತಪ್ಪಿದ್ದರೆ ಒಂದು ಸಲಕ್ಕೆ ಒಂದನ್ನೇ ತಿದ್ದಿಸಿ. ತಿದ್ದಿದ್ದನ್ನೇ ಮತ್ತೆ ಮತ್ತೆ ತಿದ್ದಿಸಿದರೆ ಮುಖ ಜಾರುತ್ತ ಹೋಗುತ್ತದೆ. ಆಗ ಮೂಲ ಫೋಟೊಗೇ ಮರಳಿ, ಪ್ರಾಂಪ್ಟ್ ಸರಿಪಡಿಸಿ.

ಇನ್ನು ಮಾಡಬಾರದ್ದು. ತುಂಬು ತೋಳಿನ ಫೋಟೊ ಹಾಕಿ ತೋಳಿಲ್ಲದ ಉಡುಪು ಕೇಳಬೇಡಿ. ಮುಚ್ಚಿದ ಕೈ ಹೇಗಿದೆ ಎಂದು ಅದಕ್ಕೆ ಕಾಣದು, ಅದು ಕಲ್ಪಿಸಿ ಬರೆಯುತ್ತದೆ. ಆ ಕಲ್ಪನೆ ಕೆಲವೊಮ್ಮೆ ನಿಜಕ್ಕೆ ಹೊಂದಿಬಿಡಲೂಬಹುದು. ಆ ಸೀರೆ ಚಿತ್ರಗಳ ಅಲೆಯಲ್ಲೇ ಒಬ್ಬ ಯುವತಿ, ತನ್ನ ಫೋಟೊದಲ್ಲಿ ತೋಳು ಮುಚ್ಚಿತ್ತು, ಬಂದ ಚಿತ್ರದಲ್ಲಿ ಕೈ ಮೇಲಿನ ಮಚ್ಚೆ ಕಂಡಿತು ಎಂದು ಬೆಚ್ಚಿ ಹೇಳಿಕೊಂಡಿದ್ದಳು.

ಗೆಳತಿಯ ಫೋಟೊ ಆದರೂ ಅವಳನ್ನು ಕೇಳದೆ ಉಡುಪು ಬದಲಿಸಬೇಡಿ. ಉಡುಪು ಕಳಚುವ, ಮೈ ತೋರಿಸುವ ಪ್ರಾಂಪ್ಟ್ ತಮಾಷೆಗೂ ಬೇಡ. 2023ರಲ್ಲಿ ಬೇರೊಬ್ಬರ ವಿಡಿಯೊಗೆ ನಮ್ಮ ಕೊಡಗಿನ ರಶ್ಮಿಕಾ ಮಂದಣ್ಣ ಅವರ ಮುಖ ಅಂಟಿಸಿದವನನ್ನು ದೆಹಲಿ ಪೊಲೀಸರು ಮರುವರ್ಷ ಬಂಧಿಸಿದರು. ಅಶ್ಲೀಲ ಚಿತ್ರ ಹರಡಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೇ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ನಿಮ್ಮ ಫೋಟೊವನ್ನೇ ಯಾರಾದರೂ ಹೀಗೆ ಕೆಡಿಸಿದರೆ ಸ್ಕ್ರೀನ್‌ಶಾಟ್, ಲಿಂಕ್ ಎರಡನ್ನೂ ಉಳಿಸಿಕೊಂಡು cybercrime.gov.in ತಾಣದಲ್ಲಿ ದೂರು ಕೊಡಿ. ಹೆದರಿ ಅಳಿಸಿಬಿಟ್ಟರೆ ಸಾಕ್ಷಿಯೇ ಹೋಗುತ್ತದೆ.