ಜೂನ್ ಒಂದನೆಯ ತಾರೀಖೂ ಮಗುವಿನ ವಯಸ್ಸೂ

ಹೊಸ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳುವ ದಿನಗಳು ಸಮೀಪಿಸಿದಾಗ, ತಾಯಿತಂದೆಗಳೂ ನಮ್ಮ ಹಳೆಯ ವಿದ್ಯಾರ್ಥಿನಿಯರೂ ಕೇಳುವ ಮೊದಲನೆಯ ಪ್ರಶ್ನೆ, "ಮಗುವಿಗೆ ವಯಸ್ಸು ಸಾಲುವುದೇ?" ಎಂಬುದು. ಒಂದೇ ದಿನದ ಕೊರತೆಯಿಂದ ಮಗುವು ಒಂದು ವರ್ಷ ಕಾಯಬೇಕಾಗುವುದುಂಟು. ಆದುದರಿಂದ ಈ ಲೆಕ್ಕವನ್ನು ಮನೆಯಲ್ಲಿಯೇ ತಪ್ಪಿಲ್ಲದೆ ಮಾಡಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸುವೆವು.

ಕರ್ನಾಟಕ ಸರಕಾರವು 2022ರಲ್ಲಿ ಹೊರಡಿಸಿದ ಆಜ್ಞೆಗಳ ಪ್ರಕಾರ, ಒಂದನೆಯ ತರಗತಿಗೆ ಸೇರುವ ಮಗುವಿಗೆ ಜೂನ್ 1ನೆಯ ತಾರೀಖಿಗೆ ಆರು ವರ್ಷ ತುಂಬಿರಬೇಕೆಂಬ ನಿಯಮವು 2025-26ನೆಯ ಸಾಲಿನಿಂದ ಜಾರಿಗೆ ಬರಬೇಕಾಗಿದ್ದಿತು. ಆದರೆ 2025ರ ಏಪ್ರಿಲಿನಲ್ಲಿ, ಆ ಸಾಲಿಗೆ ಮಾತ್ರ, ಯು.ಕೆ.ಜಿ. ಮುಗಿಸಿದ ಮಕ್ಕಳಿಗೆ ಐದು ವರ್ಷ ಐದು ತಿಂಗಳು ತುಂಬಿದ್ದರೆ ಸಾಕೆಂದು ಸಡಿಲಿಸಲಾಯಿತು. ಹೀಗೆ ನಿಯಮವು ಬದಲಾಗುವುದುಂಟಾದ್ದರಿಂದ, ಲೆಕ್ಕಕ್ಕೆ ಕೂರುವ ಮೊದಲು ಆ ಸಾಲಿನ ಪ್ರಕಟಣೆಯಲ್ಲಿ ಎರಡು ಸಂಗತಿಗಳನ್ನು ನೋಡಿಕೊಳ್ಳಬೇಕು: ಎಷ್ಟು ವಯಸ್ಸು, ಮತ್ತು ಯಾವ ತಾರೀಖಿಗೆ. ಅರ್ಜಿ ಕೊಟ್ಟ ದಿನವಾಗಲಿ ಶಾಲೆ ತೆರೆದ ದಿನವಾಗಲಿ ಇಲ್ಲಿ ಗಣನೆಗೆ ಬಾರದು.

ಅನೇಕರು ಮಗುವಿನ ವಯಸ್ಸನ್ನು ವರ್ಷ, ತಿಂಗಳು, ದಿನಗಳಾಗಿ ಎಣಿಸಹೊರಟು ತೊಡಕಿಗೆ ಸಿಕ್ಕುವರು. ಅದಕ್ಕಿಂತ ಸುಲಭವಾದುದು ನಿಗದಿಯಾದ ತಾರೀಖಿನಿಂದ ಹಿಂದಕ್ಕೆ ಹೋಗುವುದು. 2025ರ ಜೂನ್ 1ರಿಂದ ಆರು ವರ್ಷ ಹಿಂದಕ್ಕೆ ಹೋದರೆ 2019ರ ಜೂನ್ 1 ದೊರೆಯುವುದು. ಐದು ವರ್ಷ ಹಿಂದಕ್ಕೆ ಹೋಗಿ, ಮತ್ತೆ ಐದು ತಿಂಗಳು ಹಿಂದಕ್ಕೆ ಹೋದರೆ 2020ರ ಜನವರಿ 1 ದೊರೆಯುವುದು. ಇದೇ ಗಡಿಯ ತಾರೀಖು. ಮಗುವು ಅಂದು ಅಥವಾ ಅದಕ್ಕೆ ಮೊದಲು ಹುಟ್ಟಿದ್ದರೆ ವಯಸ್ಸು ಸಾಲುವುದು.

2019ರ ಡಿಸೆಂಬರ್ 17ರಂದು ಹುಟ್ಟಿದ ಹೆಣ್ಣುಮಗುವೊಂದನ್ನು ತೆಗೆದುಕೊಳ್ಳೋಣ. ಆಕೆಯು ಯು.ಕೆ.ಜಿ. ಮುಗಿಸಿರುವಳೆಂದಿಟ್ಟುಕೊಳ್ಳೋಣ. 2025ರ ಮೇ 17ಕ್ಕೆ ಆಕೆಗೆ ಐದು ವರ್ಷ ಐದು ತಿಂಗಳು ತುಂಬಿದವು. ಜೂನ್ 1ಕ್ಕೆ ಇನ್ನೂ ಹದಿನೈದು ದಿನ ಹೆಚ್ಚಾಯಿತು. ಆದುದರಿಂದ ಸಡಿಲಿಸಿದ ನಿಯಮದಂತೆ ಆಕೆಗೆ ಪ್ರವೇಶವುಂಟು. ಆರು ವರ್ಷದ ನಿಯಮವೇ ನಿಂತಿದ್ದರೆ, ಆಕೆಯು 2026ರ ಜೂನಿನವರೆಗೆ ಕಾಯಬೇಕಾಗುತ್ತಿತ್ತು. ಆಕೆಯ ನೆರೆಮನೆಯ ಮಗುವು 2020ರ ಜನವರಿ 14ರಂದು ಹುಟ್ಟಿದುದಾದರೆ, ಜೂನ್ 1ಕ್ಕೆ ಅದರ ವಯಸ್ಸು ಐದು ವರ್ಷ, ನಾಲ್ಕು ತಿಂಗಳು, ಹದಿನೆಂಟು ದಿನ. ಆ ಸಾಲಿಗೆ ಅದು ಸಾಲದು.

ತಪ್ಪುಗಳು ಹೆಚ್ಚಾಗಿ ಮಾತಿನಿಂದಲೇ ಹುಟ್ಟುವುವು. "ಮಗುವಿಗೆ ಆರು ನಡೆಯುತ್ತಿದೆ" ಎಂದರೆ ಐದು ತುಂಬಿದೆಯೆಂದಷ್ಟೇ ಅರ್ಥ. ನಿಯಮವು ಕೇಳುವುದು ತುಂಬಿದ ವರ್ಷಗಳನ್ನು. 5.5 ಎಂದು ಬರೆದುದನ್ನು ಕೆಲವರು ಐದೂವರೆ ವರ್ಷವೆಂದೂ ಕೆಲವರು ಐದು ವರ್ಷ ಐದು ತಿಂಗಳೆಂದೂ ಓದುವರು. ಇವೆರಡಕ್ಕೆ ಒಂದು ತಿಂಗಳ ಅಂತರವಿದೆ. ಇನ್ನೊಂದು ತೊಡಕು ಪಂಚಾಂಗದಿಂದ ಬರುವುದು. ಪಂಚಾಂಗದ ದಿನವು ಸೂರ್ಯೋದಯಕ್ಕೆ ಮೊದಲಾಗುವುದರಿಂದ, ಜೂನ್ 2ರ ಬೆಳಗಿನ ಜಾವ ಎರಡು ಗಂಟೆಗೆ ಹುಟ್ಟಿದ ಮಗುವನ್ನು ಮನೆಯವರು 1ರ ರಾತ್ರಿ ಹುಟ್ಟಿತೆನ್ನುವರು. ಜನನ ಪ್ರಮಾಣಪತ್ರದಲ್ಲಿಯಾದರೋ 2 ಎಂದೇ ಇರುವುದು. ಶಾಲೆಯು ನೋಡುವುದು ಪ್ರಮಾಣಪತ್ರವನ್ನು. ಆದರೆ ವಯಸ್ಸಿನ ಪುರಾವೆ ಇಲ್ಲವೆಂಬ ಒಂದೇ ಕಾರಣದಿಂದ ಮಗುವಿಗೆ ಪ್ರವೇಶವನ್ನು ನಿರಾಕರಿಸಕೂಡದೆಂದು 2009ರ ಶಿಕ್ಷಣ ಹಕ್ಕು ಕಾಯಿದೆಯ 14ನೆಯ ಕಲಮು ಹೇಳುವುದು.

ಗಡಿಯ ಮರುದಿನ ಹುಟ್ಟಿದ ಮಗುವಿನ ಗತಿಯೇನು? 1956ರ ಜನವರಿ 2ರಂದು ಹುಟ್ಟಿದ ರಾಜಸ್ಥಾನದ ಅಭ್ಯರ್ಥಿಯೊಬ್ಬನ ಮೊಕದ್ದಮೆಯಲ್ಲಿ, ಹುಟ್ಟಿದ ದಿನವನ್ನು ಪೂರ್ಣದಿನವಾಗಿ ಎಣಿಸತಕ್ಕದ್ದೆಂದೂ, ಆತನಿಗೆ 1984ರ ಜನವರಿ 1ಕ್ಕೇ ಇಪ್ಪತ್ತೆಂಟು ತುಂಬಿತೆಂದೂ ಸರ್ವೋಚ್ಚ ನ್ಯಾಯಾಲಯವು 1986ರಲ್ಲಿ ತೀರ್ಮಾನಿಸಿತು. ಉದ್ಯೋಗದ ವಯೋಮಿತಿಯನ್ನು ಕುರಿತಾದ ಆ ಎಣಿಕೆಯನ್ನೇ ಇಲ್ಲಿಗೂ ಹಿಡಿದರೆ, 2019ರ ಜೂನ್ 2ರಂದು ಹುಟ್ಟಿದ ಮಗುವಿಗೆ 2025ರ ಜೂನ್ 1ಕ್ಕೇ ಆರು ತುಂಬುವುದು. ಶಾಲೆಯು ಇದನ್ನು ತಾನಾಗಿ ಒಪ್ಪುವುದೆಂದು ನೆಚ್ಚಿಕೊಳ್ಳಲಾಗದು. ಇಂತಹ ಮಗುವಿನ ತಾಯಿತಂದೆಗಳು ಪ್ರವೇಶದ ಅವಧಿ ಮುಗಿಯುವುದಕ್ಕೆ ಮೊದಲೇ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಬರೆದು, ಬರೆವಣಿಗೆಯಲ್ಲಿಯೇ ಉತ್ತರವನ್ನು ಪಡೆಯುವುದು ಒಳ್ಳೆಯದು.

ಕೊರತೆಯಾದಾಗ ಜನ್ಮದಿನವನ್ನೇ ಹಿಂದಕ್ಕೆ ತಳ್ಳುವ ಪದ್ಧತಿಯೊಂದು ಹಿಂದೆ ಇದ್ದಿತು. ಮನೆಯ ಜನ್ಮದಿನವೊಂದು, ದಾಖಲೆಯ ಜನ್ಮದಿನವೊಂದು ಉಳ್ಳವರು ನಮ್ಮ ಹಿರಿಯ ವಾಚಕರಲ್ಲಿಯೂ ಇರಬಹುದು. ದಾಖಲಾತಿ ಪುಸ್ತಕದಲ್ಲಿ ಬರೆದ ತಾರೀಖೇ ಹತ್ತನೆಯ ತರಗತಿಯ ಅಂಕಪಟ್ಟಿಗೂ ಅಲ್ಲಿಂದ ಉದ್ಯೋಗದ ಕಡತಕ್ಕೂ ಹೋಗುವುದು. ಅದು ಜನನ ಪ್ರಮಾಣಪತ್ರಕ್ಕೆ ಹೊಂದದಿದ್ದರೆ ಮುಂದೆ ತಿದ್ದಿಸುವುದು ಬಹಳ ಕಷ್ಟ. ಆದುದರಿಂದ ಪ್ರಮಾಣಪತ್ರದ ತಾರೀಖನ್ನು ಅರ್ಜಿಯಲ್ಲಿ ಅಂಕಿಗಳಲ್ಲಿಯೂ ಅಕ್ಷರಗಳಲ್ಲಿಯೂ ಬರೆದು, ಶಾಲೆಯ ಪುಸ್ತಕದಲ್ಲಿ ಅದೇ ತಾರೀಖು ಏರಿದೆಯೇ ಎಂದು ಅಂದೇ ಕಣ್ಣಾರೆ ನೋಡಿಕೊಂಡು ಬರಬೇಕು.