ಫರ್ನಿಚರ್ ಎಂಬ ಪಾತ್ರೆಪಗಡೆ

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಮಿನಿ ಪ್ರಾಜೆಕ್ಟ್ ರಿಪೋರ್ಟ್ ಗೈಡ್ ಹತ್ತಿರ ಹೋಗಿ ವಾಪಸ್ ಬಂತು. ಲ್ಯಾಬ್‌ನಲ್ಲಿ ಯಾರೂ ಇಲ್ಲದಾಗ ಲೈಟು, ಫ್ಯಾನು ತಾನಾಗೇ ಆಫ್ ಆಗುವ ಪ್ರಾಜೆಕ್ಟ್ ಅದು. ಸರ್ಕ್ಯೂಟ್ ಮೇಲೆ ಒಂದು ಗೀಟೂ ಇರಲಿಲ್ಲ. ಆದರೆ ಮೊದಲೆರಡು ಪುಟಗಳಲ್ಲೇ ನಾಲ್ಕು ಪದಗಳ ಬಾಲಕ್ಕೆ ಕೆಂಪು ಸುತ್ತು ಬಿದ್ದಿತ್ತು: ಅಡ್ವೈಸಸ್, ಇನ್ಫರ್ಮೇಷನ್ಸ್, ಇಕ್ವಿಪ್ಮೆಂಟ್ಸ್, ಫರ್ನಿಚರ್ಸ್. ಮರುದಿನ ಬೈಂಡಿಂಗ್‌ಗೆ ಕೊಡಬೇಕು. ನಾಲ್ಕೂ ಕಡೆ ಎಸ್ ಅಳಿಸಿದೆವು, ಕೆಲಸ ಮುಗೀತು ಅಂದುಕೊಂಡೆವು. ಮುಗಿದಿರಲಿಲ್ಲ.

ಈ ತಪ್ಪು ನಮಗೆ ಯಾಕೆ ಇಷ್ಟು ಸಲೀಸಾಗಿ ಬರುತ್ತೆ ಅಂದರೆ, ಕನ್ನಡದಲ್ಲಿ ಅದು ತಪ್ಪೇ ಅಲ್ಲ. ಸಲಹೆಗಳು, ಮಾಹಿತಿಗಳು, ಉಪಕರಣಗಳು, ಪೀಠೋಪಕರಣಗಳು, ಎಲ್ಲವೂ ಸರಿಯಾದ ಪದಗಳೇ. ಆ ‘ಗಳು’ ಇದ್ದ ಜಾಗಕ್ಕೆ ಇಂಗ್ಲಿಷಿನ ಎಸ್ ತಂದು ಅಂಟಿಸಿಬಿಡ್ತೀವಿ.

ಹಾಗಂತ ಎಣಿಸಲಾಗದ ಪದಗಳು ಕನ್ನಡಕ್ಕೆ ಹೊಸದೇನಲ್ಲ. ಕ್ಯಾಂಟೀನಿನಲ್ಲಿ ಯಾರೂ ‘ಮೂರು ನೀರುಗಳು ಕೊಡಿ’ ಅನ್ನಲ್ಲ, ಮೂರು ಲೋಟ ನೀರು ಅಂತೀವಿ. ಎಣಿಸೋದು ಲೋಟವನ್ನು, ನೀರನ್ನಲ್ಲ. ಇಂಗ್ಲಿಷ್ ಭಾಷೆ ಅಡ್ವೈಸ್ ಮತ್ತು ಇನ್ಫರ್ಮೇಷನ್‌ಗಳನ್ನು ನೀರಿನ ಹಾಗೇ ನೋಡುತ್ತೆ. ‘ಎ ಪೀಸ್ ಆಫ್ ಅಡ್ವೈಸ್’ ಅನ್ನುವಾಗ ಆ ‘ಪೀಸ್’ ನಮ್ಮ ಲೋಟದ ಕೆಲಸ ಮಾಡುತ್ತೆ.

ಸಲಹೆ ಕಣ್ಣಿಗೆ ಕಾಣಲ್ಲ, ಸರಿ. ಫರ್ನಿಚರ್? ಲ್ಯಾಬ್‌ನ ಕುರ್ಚಿ, ಮೇಜುಗಳನ್ನು ಬೆರಳಿಟ್ಟು ಎಣಿಸಬಹುದಲ್ವಾ? ನನಗೂ ಇಲ್ಲೇ ತಲೆ ಕೆಟ್ಟಿದ್ದು. ಉತ್ತರ ಸಿಕ್ಕಿದ್ದು ಮನೆಯ ಬಚ್ಚಲಲ್ಲಿ. ‘ಮೂರು ಪಾತ್ರೆ ತೊಳೆದೆ’ ಅಂತೀವಿ, ‘ಮೂರು ಪಾತ್ರೆಪಗಡೆ ತೊಳೆದೆ’ ಅನ್ನಲ್ಲ. ‘ನಾಲ್ಕು ಬಟ್ಟೆ’ ಸರಿ, ‘ನಾಲ್ಕು ಬಟ್ಟೆಬರೆ’ ಕಿವಿಗೆ ಒಗ್ಗಲ್ಲ. ಒಂದು ಬಿಡಿ ವಸ್ತುವಿನ ಹೆಸರು, ಇನ್ನೊಂದು ಇಡೀ ರಾಶಿಯ ಹೆಸರು. ಚೇರ್ ಅಂದರೆ ಪಾತ್ರೆ, ಫರ್ನಿಚರ್ ಅಂದರೆ ಪಾತ್ರೆಪಗಡೆ. ಬ್ಯಾಗ್ ಮತ್ತು ಲಗೇಜ್, ಮಷೀನ್ ಮತ್ತು ಮಷಿನರಿ, ಪ್ರೋಗ್ರಾಂ ಮತ್ತು ಸಾಫ್ಟ್‌ವೇರ್ ಜೋಡಿಗಳೂ ಹೀಗೇ. ಎಣಿಸಬಹುದೋ ಇಲ್ಲವೋ ಅನ್ನೋದು ವಸ್ತುವಿನ ಗುಣ ಅಲ್ಲ, ಪದದ ಗುಣ.

ಈಗ ನಮ್ಮ ರಿಪೋರ್ಟಿಗೆ ಬರೋಣ. ಮೂಲ ವಾಕ್ಯ ಹೀಗಿತ್ತು: ‘ದೀಸ್ ಟೂ ಇಕ್ವಿಪ್ಮೆಂಟ್ಸ್ ವರ್ ಯೂಸ್ಡ್ ಫಾರ್ ಟೆಸ್ಟಿಂಗ್’. ಎಸ್ ಮಾತ್ರ ತೆಗೆದರೆ ‘ದೀಸ್ ಟೂ ಇಕ್ವಿಪ್ಮೆಂಟ್ ವರ್’ ಉಳಿಯಿತು. ‘ಎರಡು ಪುಸ್ತಕ’ ಅಂತ ‘ಗಳು’ ಇಲ್ಲದೆಯೇ ಹೇಳಿ ಅಭ್ಯಾಸವಾದ ನಮ್ಮ ಕಿವಿಗೆ ಅದು ಸರಿಯಾಗೇ ಕೇಳಿಸಿತು! ಆದರೆ ‘ಟೂ’ ಜೊತೆ ಈ ಪದ ನೇರವಾಗಿ ನಿಲ್ಲಲ್ಲ. ಸಂಖ್ಯೆ ಮುಖ್ಯವಲ್ಲ ಅಂದರೆ ‘ದಿಸ್ ಇಕ್ವಿಪ್ಮೆಂಟ್ ವಾಸ್ ಯೂಸ್ಡ್’. ಸಂಖ್ಯೆ ಬೇಕೇ ಬೇಕು ಅಂದರೆ ‘ಟೂ ಪೀಸಸ್ ಆಫ್ ಇಕ್ವಿಪ್ಮೆಂಟ್ ವರ್ ಯೂಸ್ಡ್’. ಕೊನೆಗೆ ನಾವು ಬರೆದದ್ದು ‘ಎ ಮಲ್ಟಿಮೀಟರ್ ಅಂಡ್ ಆನ್ ಆಸಿಲೋಸ್ಕೋಪ್ ವರ್ ಯೂಸ್ಡ್’ ಅಂತ. ಓದುವವರಿಗೆ ಏನು ಬಳಸಿದೆವು ಅಂತಲೂ ಗೊತ್ತಾಯಿತು. ನನ್ನ ಪ್ರಕಾರ ರಿಪೋರ್ಟಿನಲ್ಲಿ ಪೀಸ್, ಐಟಂ ಅಂತ ಪದೇ ಪದೇ ಪೋಣಿಸೋದಕ್ಕಿಂತ ಇದೇ ವಾಸಿ. ಹಾಗೇ ಅಡ್ವೈಸಸ್ ಬದಲು ಸಜೆಷನ್ಸ್, ಇನ್ಫರ್ಮೇಷನ್ಸ್ ಬದಲು ಡೀಟೇಲ್ಸ್ ಹಾಕಿದೆವು. ಇವು ಎಣಿಸುವ ಪದಗಳು. ‘ಆನ್ ಅಡ್ವೈಸ್’, ‘ಮೆನಿ ಇನ್ಫರ್ಮೇಷನ್’ ಕೂಡ ಇದೇ ತಪ್ಪಿನ ಇನ್ನೊಂದು ಮುಖ. ‘ಸಮ್’ ಅಥವಾ ‘ಎ ಲಾಟ್ ಆಫ್’ ಹಾಕಿದರೆ ನೇರವಾಗುತ್ತೆ.

ಪದದ ಅರ್ಥ ಬದಲಾದರೆ ಲೆಕ್ಕವೂ ಬದಲಾಗುತ್ತೆ. ನೀವು ಬರೆಯುವ ಪೈಥಾನ್ ಕೋಡ್‌ಗೆ ಸಾಮಾನ್ಯವಾಗಿ ಎಸ್ ಬೇಡ, ಆದರೆ ಪಿನ್ ಕೋಡ್ಸ್, ಎರರ್ ಕೋಡ್ಸ್ ಸರಿ. ಮೆಕ್ಯಾನಿಕಲ್‌ನವರು ಸ್ಟೀಲ್ಸ್ ಅಂದಾಗ ಅದು ಉಕ್ಕಿನ ಬಗೆಗಳು. ಬ್ಯಾಂಕಿನ ಪೇಮೆಂಟ್ ಅಡ್ವೈಸ್ ಒಂದು ಕಾಗದ, ಅಂಥ ಹತ್ತು ಬಂದರೆ ಅಡ್ವೈಸಸ್ ಅನ್ನಬಹುದು.

ಸ್ಪೆಲ್ ಚೆಕ್ ನಂಬಿ ಕೂರಬೇಡಿ. `researches` ಕ್ರಿಯಾಪದವಾಗಿ ಸರಿ ಇರೋದರಿಂದ, ನಾಮಪದವಾಗಿ ತಪ್ಪು ಜಾಗದಲ್ಲಿ ಬಂದರೂ ಕೆಂಪು ಗೆರೆ ಬೀಳದೇ ಹೋಗಬಹುದು. ನಾನೀಗ ಬೈಂಡಿಂಗ್‌ಗೆ ಮುಂಚೆ `Ctrl+F` ಒತ್ತಿ `equipments`, `informations`, `softwares`, `feedbacks` ಅಂತ ಒಂದೊಂದಾಗಿ ಹುಡುಕ್ತೀನಿ. ಬೇರೆ ಪದದ ಬಗ್ಗೆ ಅನುಮಾನ ಬಂದರೆ ಕೇಂಬ್ರಿಡ್ಜ್ ನಿಘಂಟಿನಲ್ಲಿ ನೋಡಿ. ಪದದ ಪಕ್ಕ `[U]` ಇದ್ದರೆ ಎಣಿಸಲಾಗದ್ದು, `[C]` ಇದ್ದರೆ ಎಣಿಸುವಂಥದ್ದು. ಎರಡೂ ಇದ್ದರೆ ಕೆಳಗಿನ ಅರ್ಥಗಳನ್ನು ಓದಿ, ನಿಮ್ಮ ವಾಕ್ಯದಲ್ಲಿರೋದು ಯಾವ ಅರ್ಥ ಅಂತ ನೋಡಿಕೊಳ್ಳಿ.