ಪೌತಿ ಖಾತೆ ಯಾವ ಮೆನುವಿನಡಿ?

ತಂದೆ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿದ್ದ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದಕ್ಕೆ ಪೌತಿ ಖಾತೆ ಎನ್ನುತ್ತಾರೆ. ಅದಕ್ಕೆ ಮರಣ ಪ್ರಮಾಣಪತ್ರ ಬೇಕು, ವಂಶವೃಕ್ಷ ಬೇಕು, ಪಹಣಿ ಬೇಕು. ಮುಂದೆ ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವುದಾದರೆ 11ಇ ನಕ್ಷೆ, ಬ್ಯಾಂಕಿನಲ್ಲಿ ಸಾಲ ತೆಗೆಯುವುದಾದರೆ ಇ.ಸಿ. ಕರ್ನಾಟಕದಲ್ಲಿ ಪಹಣಿ ‘ಭೂಮಿ’ಯಲ್ಲಿದೆ, ಇ.ಸಿ. ‘ಕಾವೇರಿ’ಯಲ್ಲಿ, ನಕ್ಷೆ ‘ಮೋಜಿಣಿ’ಯಲ್ಲಿ, ಮರಣ ನೋಂದಣಿ ‘ಇ-ಜನ್ಮ’ದಲ್ಲಿ, ವಂಶವೃಕ್ಷ ನಾಡಕಚೇರಿಯಲ್ಲಿ. ಇಂಥ ಸೇವೆಗಳನ್ನೆಲ್ಲ ಒಂದೇ ಜಾಲತಾಣದಡಿ ತರುವಾಗ ಇಲಾಖೆವಾರು ಪಟ್ಟಿ ಮಾಡಿಬಿಡುವುದು ಸರ್ಕಾರಕ್ಕೆ ಸಲೀಸು, ಏಕೆಂದರೆ ಕಡತಗಳು ಹಾಗೆಯೇ ಇವೆ. ಅರ್ಜಿ ಹಾಕುವವರಿಗೆ ಮಾತ್ರ ಅದು ತೊಡಕು. ಜನನ ಮರಣ ನೋಂದಣಿಯ ರಾಜ್ಯಮಟ್ಟದ ಹೊಣೆ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ್ದು ಎಂಬುದು ಅಪ್ಪನನ್ನು ಕಳೆದುಕೊಂಡ ಮಗನಿಗೆ ಏಕೆ ಗೊತ್ತಿರಬೇಕು?

ಹಾಗಾದರೆ ಮೆನು ಹೇಗಿರಬೇಕು? ಸಭೆಯಲ್ಲಿ ಕುಳಿತ ಹತ್ತು ಅಧಿಕಾರಿಗಳು ಹತ್ತು ಉತ್ತರ ಕೊಡುತ್ತಾರೆ, ಕೊನೆಗೆ ಹಿರಿಯರ ಮಾತು ನಿಲ್ಲುತ್ತದೆ. ಈ ತೀರ್ಮಾನವನ್ನು ಜನರಿಂದಲೇ ಪಡೆಯಲು ಎರಡು ಸರಳ ವಿಧಾನಗಳಿವೆ. ಒಂದು ಕಾರ್ಡ್ ಸಾರ್ಟಿಂಗ್, ಇನ್ನೊಂದು ಟ್ರೀ ಟೆಸ್ಟಿಂಗ್. ಮೊದಲನೆಯದು ಜನ ಯಾವುದನ್ನು ಯಾವುದರ ಜೊತೆ ಸೇರಿಸುತ್ತಾರೆ ಎಂದು ತೋರಿಸುತ್ತದೆ. ಹಾಗೆ ಕಟ್ಟಿದ ಮೆನುವಿನಲ್ಲಿ ಬೇಕಾದ್ದು ಸಿಗುತ್ತದೆಯೇ ಎಂದು ಎರಡನೆಯದು ಪರೀಕ್ಷಿಸುತ್ತದೆ. ಎರಡಕ್ಕೂ ದೊಡ್ಡ ಖರ್ಚಿಲ್ಲ. ಅವು ಕೆಡುವುದು ಹೆಚ್ಚಾಗಿ ಒಂದೇ ಕಡೆ, ಜನರ ಮುಂದಿಡುವ ಮಾತಿನಲ್ಲಿ.

ಕಾರ್ಡ್ ಸಾರ್ಟಿಂಗ್‌ನಿಂದಲೇ ಶುರು ಮಾಡೋಣ. ಜನರಿಗೆ ಹೆಚ್ಚು ಬೇಕಾಗುವ ಮೂವತ್ತರಿಂದ ಐವತ್ತು ಸೇವೆಗಳನ್ನು ಆರಿಸಿ, ಒಂದೊಂದನ್ನು ಒಂದೊಂದು ಕಾರ್ಡಿನ ಮೇಲೆ ಬರೆಯಬೇಕು. ಸೇವೆಗಳು ನೂರಾರಿದ್ದರೂ ಕಾರ್ಡುಗಳನ್ನು ಅಷ್ಟಕ್ಕೇ ನಿಲ್ಲಿಸಬೇಕು, ಹೆಚ್ಚಾದರೆ ಜನ ದಣಿದು ಕೊನೆಯ ಕಾರ್ಡುಗಳನ್ನು ಕಂಡಲ್ಲಿ ಹಾಕಿಬಿಡುತ್ತಾರೆ. ಆಮೇಲೆ ಒಬ್ಬೊಬ್ಬರ ಮುಂದೆ ಕಾರ್ಡುಗಳನ್ನು ಹರಡಿ, “ಒಂದಕ್ಕೊಂದು ಸಂಬಂಧ ಇದೆ ಅನ್ನಿಸಿದ್ದನ್ನು ಒಟ್ಟಿಗಿಡಿ, ಪ್ರತಿ ಗುಂಪಿಗೂ ನಿಮಗೆ ತೋಚಿದ ಹೆಸರು ಕೊಡಿ” ಎನ್ನಬೇಕು. ಗುಂಪಿನ ಹೆಸರುಗಳನ್ನು ಮೊದಲೇ ಕೊಟ್ಟು ಅವುಗಳಡಿ ಇಡಿಸುವ ಕ್ರಮವೂ ಇದೆ. ಹೊಸ ಮೆನು ಕಟ್ಟುವಾಗ ಮಾತ್ರ ಹೆಸರನ್ನೂ ಜನರಿಗೇ ಬಿಡುವುದು ಮೇಲು.

ಎಷ್ಟು ಜನ ಬೇಕು ಎಂಬುದಕ್ಕೆ ನೆಚ್ಚಬಹುದಾದ ಒಂದು ಅಧ್ಯಯನವಿದೆ. ಟಾಮ್ ಟಲ್ಲಿಸ್ ಮತ್ತು ಲ್ಯಾರಿ ವುಡ್ 2004ರಲ್ಲಿ 168 ಜನರಿಂದ 46 ಕಾರ್ಡುಗಳನ್ನು ಜೋಡಿಸಿದರು. ಆ ಪೂರ್ತಿ ಫಲಿತಾಂಶವನ್ನು ಚಿಕ್ಕ ಚಿಕ್ಕ ತಂಡಗಳ ಫಲಿತಾಂಶದ ಜೊತೆ ಹೋಲಿಸಿದಾಗ, ಇಪ್ಪತ್ತು ಮೂವತ್ತು ಜನರಿಂದಲೇ ಹೆಚ್ಚುಕಡಿಮೆ ಅದೇ ಚಿತ್ರ ಸಿಗುತ್ತದೆ ಎಂದು ತಿಳಿಯಿತು. ಹದಿನೈದು ಜನ ಸಾಕು ಎಂದು ಇದೇ ಅಧ್ಯಯನದ ಆಧಾರದ ಮೇಲೆ ಜೇಕಬ್ ನೀಲ್ಸನ್ ಹೇಳಿದರು. ನಮ್ಮಲ್ಲಿ ಹಳ್ಳಿಯವರು, ಪಟ್ಟಣದವರು, ಬೇರೆಯವರ ಪರವಾಗಿ ದಿನವಿಡೀ ಅರ್ಜಿ ತುಂಬುವ ಗ್ರಾಮ ಒನ್ ಆಪರೇಟರುಗಳು ಎಂದು ಬೇರೆ ಬೇರೆ ಬಳಕೆದಾರರಿದ್ದಾರೆ. ಅದಕ್ಕೆ ಪ್ರತಿ ಬಗೆಯಿಂದಲೂ ಹದಿನೈದು ಜನರನ್ನು ಕೂರಿಸಿ, ಅವರ ಫಲಿತಾಂಶವನ್ನು ಬೇರೆ ಬೇರೆಯಾಗಿ ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಆಪರೇಟರಿಗೆ ಇಲಾಖೆಯ ಹೆಸರುಗಳು ಬಾಯಿಪಾಠವಾಗಿರುತ್ತವೆ. ಅವರನ್ನೂ ರೈತರನ್ನೂ ಬೆರೆಸಿ ಸರಾಸರಿ ತೆಗೆದರೆ ಇಬ್ಬರಿಗೂ ಒಗ್ಗದ ಮೆನು ಹುಟ್ಟುತ್ತದೆ.

ಕಾರ್ಡಿನ ಮೇಲಿನ ಬರಹವೇ ಜನರನ್ನು ದಾರಿ ತಪ್ಪಿಸಬಲ್ಲದು. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಜನನ ಪ್ರಮಾಣಪತ್ರ, ಋಣಭಾರ ಪ್ರಮಾಣಪತ್ರ ಎಂದು ಸರ್ಕಾರಿ ಹೆಸರುಗಳನ್ನೇ ಬರೆದಿಟ್ಟರೆ ಜನ ಈ ನಾಲ್ಕನ್ನೂ ಒಂದೇ ಗುಂಪಿಗೆ ಹಾಕಿ “ಪ್ರಮಾಣಪತ್ರಗಳು” ಎಂದು ಹೆಸರಿಟ್ಟುಬಿಡುತ್ತಾರೆ. ಆಗ ಅವರು ಸೇರಿಸಿದ್ದು ಅಕ್ಷರಗಳನ್ನು, ಅಗತ್ಯಗಳನ್ನಲ್ಲ. ಋಣಭಾರ ಪ್ರಮಾಣಪತ್ರ ಬೇಕಾಗುವುದು ಸೈಟು ಕೊಳ್ಳುವಾಗ, ಸಾಲ ತೆಗೆಯುವಾಗ. ಅದನ್ನು ಮಗುವಿನ ಜನನ ಪತ್ರದ ಪಕ್ಕ ಯಾರೂ ಹುಡುಕುವುದಿಲ್ಲ. ಕಾರ್ಡಿನ ಮೇಲೆ “ಆಸ್ತಿಯ ಮೇಲೆ ಯಾರ ಸಾಲವಿದೆ ಎಂದು ತಿಳಿಯುವ ಇ.ಸಿ.” ಎಂದು ಬರೆದರೆ ಈ ಎಳೆತ ತಪ್ಪುತ್ತದೆ. ಹತ್ತಾರು ಕಾರ್ಡುಗಳಲ್ಲಿ ಒಂದೇ ಪದ ಮತ್ತೆ ಮತ್ತೆ ಬಂದಿದೆಯೇ ಎಂದು ಪರೀಕ್ಷೆಗೆ ಮೊದಲೇ ನೋಡಿಕೊಳ್ಳಬೇಕು.

ಜೋಡಣೆ ಮುಗಿದ ಮೇಲೆ ಕೇಳುವ ನಾಲ್ಕು ಮಾತು ಕಾರ್ಡುಗಳಷ್ಟೇ ಬೆಲೆಯುಳ್ಳವು. “ಯಾವ ಕಾರ್ಡನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ? ಯಾವುದನ್ನು ಎರಡು ಕಡೆ ಇಡಬೇಕೆನ್ನಿಸಿತು? ಯಾವುದರ ಅರ್ಥವೇ ಆಗಲಿಲ್ಲ? ಈ ಗುಂಪನ್ನು ಹೀಗೆ ಏಕೆ ಮಾಡಿದಿರಿ?” ಇಲ್ಲಿ “ಪಹಣಿಯನ್ನು ಕಂದಾಯದಡಿ ಇಡಬಹುದಿತ್ತಲ್ಲವೇ?” ಎಂಬಂಥ ಪ್ರಶ್ನೆ ಸಲ್ಲದು. ಸರ್ಕಾರದ ಕಡೆಯಿಂದ ಬಂದವರು ಹಾಗೆ ಕೇಳಿದರೆ ಜನ “ಹೌದು ಸಾರ್” ಎನ್ನುತ್ತಾರೆ, ಉತ್ತರ ಅಲ್ಲಿಗೆ ಕೆಟ್ಟಿತು. ಆಮೇಲಿನ ಲೆಕ್ಕ ಸುಲಭ. ಇಪ್ಪತ್ತರಲ್ಲಿ ಹದಿನಾರು ಜನ ಪಹಣಿಯನ್ನೂ ಇ.ಸಿ.ಯನ್ನೂ ಒಟ್ಟಿಗಿಟ್ಟಿದ್ದರೆ ಆ ಜೋಡಿಯ ನಂಟು ಶೇ. 80. ಹೀಗೆ ಎಲ್ಲ ಜೋಡಿಗಳ ಕೋಷ್ಟಕ ಮಾಡಿದರೆ ಬಿಗಿಯಾದ ಗುಂಪುಗಳು ಎದ್ದು ಕಾಣುತ್ತವೆ, ಯಾವ ಗುಂಪಿಗೂ ಅಂಟದ ಕೆಲವು ಕಾರ್ಡುಗಳೂ ಉಳಿಯುತ್ತವೆ. ಪೌತಿ ಖಾತೆ ಸಹಜವಾಗಿ ಅಂಥ ಕಾರ್ಡು, ಒಂದು ಕಾಲು ಜಮೀನಿನಲ್ಲಿ, ಇನ್ನೊಂದು ಮರಣದಲ್ಲಿ.

ಈ ಗುಂಪುಗಳಿಂದ ಒಂದು ಕರಡು ಮೆನು ಕಟ್ಟಿದ್ದೇವೆ ಎಂದುಕೊಳ್ಳೋಣ. ಮೇಲಿನ ಹಂತದಲ್ಲಿ “ಜಮೀನು ಮತ್ತು ಮನೆ”, “ಜನನ, ಮದುವೆ, ಮರಣ”, “ಜಾತಿ, ಆದಾಯ, ವಾಸಸ್ಥಳ”, “ಓದು ಮತ್ತು ವಿದ್ಯಾರ್ಥಿವೇತನ”, “ಪಿಂಚಣಿ ಮತ್ತು ನೆರವು” ಇವೆ. ಜಮೀನಿನಡಿ ಪಹಣಿ, ಪಹಣಿ ತಿದ್ದುಪಡಿ, ಇ.ಸಿ., 11ಇ ನಕ್ಷೆ, ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ ಬರುತ್ತವೆ. ಇದನ್ನು ಪರೀಕ್ಷಿಸುವುದೇ ಟ್ರೀ ಟೆಸ್ಟಿಂಗ್. ಬಣ್ಣವಿಲ್ಲ, ಚಿತ್ರವಿಲ್ಲ, ಹುಡುಕುವ ಪೆಟ್ಟಿಗೆಯೂ ಇಲ್ಲ, ಬರೀ ಹೆಸರುಗಳ ಮೆಟ್ಟಿಲು. ಇದಕ್ಕೆ ತಂತ್ರಾಂಶಗಳಿವೆ. ಅವಿಲ್ಲದೆಯೂ ಆಗುತ್ತದೆ ಎಂದು ಡೊನ್ನಾ ಸ್ಪೆನ್ಸರ್ 2003ರಲ್ಲೇ ಬರೆದರು. ಮೇಲಿನ ಹಂತ ಒಂದು ಕಾರ್ಡಿನಲ್ಲಿ, ಪ್ರತಿ ವಿಭಾಗದ ಒಳಪಟ್ಟಿ ಬೇರೆ ಬೇರೆ ಕಾರ್ಡಿನಲ್ಲಿ. ಪ್ರಶ್ನೆ ಓದಿಹೇಳುವುದು, ಅವರು ತೋರಿಸಿದ ವಿಭಾಗದ ಕಾರ್ಡನ್ನು ಮುಂದಿಡುವುದು, ತಪ್ಪು ದಾರಿ ಎನ್ನಿಸಿ ಅವರು ಹಿಂದಕ್ಕೆ ಬಂದರೆ ಅದನ್ನೂ ಗುರುತು ಹಾಕಿಕೊಳ್ಳುವುದು. ಮೌಸು ಹಿಡಿದು ಅಭ್ಯಾಸವಿಲ್ಲದವರನ್ನೂ ಓದುಬರಹ ಕಡಿಮೆ ಇರುವವರನ್ನೂ ಈ ಬಗೆಯಲ್ಲಿ ಸೇರಿಸಿಕೊಳ್ಳಬಹುದು. ಗ್ರಾಮ ಒನ್ ಕೇಂದ್ರದ ಸಾಲಿನಲ್ಲಿ ಕಾಯುತ್ತಿರುವವರ ಜೊತೆಗೇ ಇದನ್ನು ನಡೆಸಬಹುದು.

ಈಗ ಪ್ರಶ್ನೆ. “ಪೌತಿ ಖಾತೆಗೆ ಅರ್ಜಿ ಎಲ್ಲಿ ಹಾಕುತ್ತೀರಿ?” ಎಂದರೆ ‘ಖಾತೆ’ ಎಂಬ ಪದ ಮೆನುವಿನಲ್ಲೇ ಇದೆ, ಕಣ್ಣು ಅದನ್ನು ಹುಡುಕಿ ಹಿಡಿಯುತ್ತದೆ. “ತಂದೆಯ ಜಮೀನು ನಿಮ್ಮ ಹೆಸರಿಗೆ ಆಗಬೇಕು” ಎಂದರೂ ‘ಜಮೀನು’ ಮೇಲಿನ ಹಂತದಲ್ಲೇ ಇದೆ. ಹೀಗೆ ಕೇಳಿ ಶೇ. 95 ಜನ ಸರಿಯಾಗಿ ತೋರಿಸಿದರು ಎಂದು ವರದಿ ಬರೆದರೆ ಅದಕ್ಕೆ ಬೆಲೆಯಿಲ್ಲ. ಸರಿಯಾದ ಪ್ರಶ್ನೆ ಹೀಗಿದ್ದೀತು: “ನಿಮ್ಮ ಊರಿನ ಒಬ್ಬ ರೈತರು ಹೋದ ವರ್ಷ ತೀರಿಕೊಂಡರು. ಎರಡು ಎಕರೆ ಹೊಲ ಇನ್ನೂ ಅವರದೇ ಹೆಸರಿನಲ್ಲಿದೆ. ಅದನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಮಗ ನಿಮ್ಮ ಸಹಾಯ ಕೇಳಿದ್ದಾನೆ. ಎಲ್ಲಿಗೆ ಹೋಗುತ್ತೀರಿ?” ಇಲ್ಲಿ ಹೊಲ, ಹೆಸರು, ಸಾವು ಎಲ್ಲ ಇವೆ, ಮೆನುವಿನ ‘ಜಮೀನು’, ‘ಖಾತೆ’, ‘ಮರಣ’ ಎಂಬ ಪದಗಳು ಮಾತ್ರ ಇಲ್ಲ. “ನಿಮ್ಮ ತಂದೆ ತೀರಿಕೊಂಡರು” ಎಂದು ಕೇಳದಿರುವುದಕ್ಕೂ ಕಾರಣವಿದೆ. ಎದುರಿಗೆ ಕುಳಿತವರ ಮನೆಯಲ್ಲಿ ಈಚೆಗೆ ಸಾವಾಗಿರಬಹುದು, ಅವರಿಗೆ ನೋವುಂಟುಮಾಡಿ ಪಡೆಯುವ ಉತ್ತರ ನಮಗೆ ಬೇಡ.

ಒಬ್ಬರಿಗೆ ಎಂಟು ಹತ್ತು ಪ್ರಶ್ನೆ ಸಾಕು. ಅದೇ ಮೆನುವನ್ನು ಮತ್ತೆ ಮತ್ತೆ ನೋಡಿದಾಗ ಜನ ಅದನ್ನು ಕಲಿತುಬಿಡುತ್ತಾರೆ, ಕೊನೆಯ ಪ್ರಶ್ನೆಗಳು ಸುಲಭವೆನ್ನಿಸತೊಡಗುತ್ತವೆ. ಅದಕ್ಕೇ ಪ್ರಶ್ನೆಗಳ ಸರದಿಯನ್ನು ಒಬ್ಬೊಬ್ಬರಿಗೆ ಒಂದೊಂದು ರೀತಿ ಬದಲಿಸಬೇಕು. ಯಾವುದನ್ನು ಸರಿಯುತ್ತರವೆಂದು ಒಪ್ಪುತ್ತೇವೆ ಎಂಬುದನ್ನು ಪರೀಕ್ಷೆಗೆ ಮೊದಲೇ ಬರೆದಿಡಬೇಕು.

ಈ ಪ್ರಶ್ನೆಯನ್ನು ಐವತ್ತು ಜನರಿಗೆ ಕೇಳಿದಾಗ, ಮಾದರಿಗೆಂದು, ಹೀಗೆ ಬಂತೆನ್ನೋಣ. ಮೂವತ್ತು ಜನ ಸರಿಯಾದ ಜಾಗ ಮುಟ್ಟಿದರು. ಅವರಲ್ಲಿ ಇಪ್ಪತ್ತೆರಡು ಜನ ನೇರ ಹೋದರು, ಎಂಟು ಜನ ಬೇರೆ ಕಡೆ ಇಣುಕಿ ಹಿಂದಿರುಗಿದರು. ಉಳಿದ ಇಪ್ಪತ್ತರಲ್ಲಿ ಹದಿಮೂರು ಜನ “ಜನನ, ಮದುವೆ, ಮರಣ” ತೆರೆದು ಮರಣ ಪ್ರಮಾಣಪತ್ರದ ಮೇಲೆ ಬೆರಳಿಟ್ಟು “ಇಲ್ಲೇ” ಎಂದರು. ಐದು ಜನ ಜಮೀನಿನಡಿ ಹೋಗಿ ಪಹಣಿ ತಿದ್ದುಪಡಿ ಆರಿಸಿದರು, ಇನ್ನಿಬ್ಬರು ಬೇರೆಲ್ಲೋ ನಿಂತರು.

ಯಶಸ್ಸು ಶೇ. 60 ಎಂಬ ಒಂದೇ ಅಂಕಿ ಹಿಡಿದರೆ ಏನೂ ತಿಳಿಯುವುದಿಲ್ಲ. ಐವತ್ತೇ ಜನರಾದ್ದರಿಂದ ನಿಜವಾದ ಪ್ರಮಾಣ ಶೇ. 46ರಿಂದ 73ರ ನಡುವೆ ಎಲ್ಲಾದರೂ ಇರಬಹುದು. ತಪ್ಪಿದವರು ಎಲ್ಲಿ ತಪ್ಪಿದರು ಎಂಬುದೇ ಹೆಚ್ಚು ಹೇಳುತ್ತದೆ. ಹಿಂದಿರುಗಿದ ಎಂಟು ಜನ ತಡವಾಗಿಯಾದರೂ ದಾರಿ ಕಂಡರು. ಮರಣ ಪ್ರಮಾಣಪತ್ರದ ಬಳಿ ನಿಂತ ಹದಿಮೂರು ಜನರಿಗೆ ತಾವು ತಪ್ಪಿದ್ದು ಗೊತ್ತೇ ಆಗಿಲ್ಲ. ನಿಜವಾದ ಜಾಲತಾಣದಲ್ಲಿ ಇಂಥವರು ಬೇಡದ ಅರ್ಜಿ ತುಂಬಿ ವಾರಗಟ್ಟಲೆ ಕಾಯುತ್ತಾರೆ. ಹೀಗಾಗಿ ನನ್ನ ದೃಷ್ಟಿಯಲ್ಲಿ ಮೊದಲು ಸರಿಪಡಿಸಬೇಕಾದದ್ದು ಇದೇ. ಮೊದಲ ಹೆಜ್ಜೆ ಎಷ್ಟು ಮುಖ್ಯ ಎಂಬುದಕ್ಕೆ ಬಾಬ್ ಬೇಲಿ ಮತ್ತು ಕೇರಿ ವುಲ್ಫ್‌ಸನ್ ಅವರ ಅಧ್ಯಯನವಿದೆ. ಮೊದಲ ಕ್ಲಿಕ್ ಸರಿಯಿದ್ದವರಲ್ಲಿ ಶೇ. 87 ಜನ ಕೆಲಸ ಮುಗಿಸಿದರು, ತಪ್ಪಿದವರಲ್ಲಿ ಶೇ. 46 ಜನ ಮಾತ್ರ.

ಪರಿಹಾರವೂ ಇಲ್ಲೇ ಇದೆ. ಸಾವಿನ ಬಾಗಿಲಿನಿಂದ ಬರುವವರ ಯೋಚನೆ ತಪ್ಪಲ್ಲ, ಅವರ ಅಗತ್ಯ ಶುರುವಾಗಿದ್ದು ಅಲ್ಲಿಂದಲೇ. “ಮರಣ”ದಡಿಯಲ್ಲೂ “ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ” ಎಂಬ ಕೊಂಡಿ ಇಟ್ಟರೆ ಆಯಿತು, ಸೇವೆ ಎರಡು ಕಡೆಯಿಂದಲೂ ಸಿಗುತ್ತದೆ. ಪಹಣಿ ತಿದ್ದುಪಡಿ ಆರಿಸಿದ ಐವರ ಕಥೆ ಬೇರೆ. ಅವರ ದಾರಿ ಸರಿಯಿತ್ತು, ಅಕ್ಕಪಕ್ಕದ ಎರಡು ಹೆಸರುಗಳ ವ್ಯತ್ಯಾಸ ತಿಳಿಯಲಿಲ್ಲ. ಅದನ್ನು “ಪಹಣಿಯಲ್ಲಿನ ತಪ್ಪು ತಿದ್ದುವುದು” ಎಂದು ಬದಲಿಸಿ ನೋಡಬಹುದು. ಹಾಗೆಂದು ಎಲ್ಲ ಸೇವೆಯನ್ನೂ ಎಲ್ಲ ಕಡೆ ತುರುಕಿದರೆ ಪಟ್ಟಿಗಳು ಉದ್ದವಾಗಿ ಮತ್ತೆ ಕಾಣದಾಗುತ್ತವೆ. ಜನ ನಿಜವಾಗಿ ಹೋದ ದಾರಿಗೆ ಮಾತ್ರ ಎರಡನೇ ಕೊಂಡಿ ಸಾಕು. ತಿದ್ದಿದ ಮೆನುವನ್ನು ಹೊಸ ಐವತ್ತು ಜನರಿಗೆ ಅದೇ ಪ್ರಶ್ನೆಯೊಂದಿಗೆ ಒಡ್ಡಬೇಕು. ಹಳಬರನ್ನು ಕರೆದರೆ ಅವರಿಗೆ ಉತ್ತರ ಆಗಲೇ ಗೊತ್ತಿರುತ್ತದೆ.

ಈ ಪರೀಕ್ಷೆಗಳು ಹೇಳಲಾಗದ್ದೂ ಇದೆ. ಒಟಿಪಿ ಬಾರದಿದ್ದರೆ, ಅರ್ಜಿಯ ನಡುವೆ ಪುಟ ನಿಂತುಹೋದರೆ, ಆಧಾರ್‌ನಲ್ಲಿನ ಹೆಸರು ಪಹಣಿಯ ಹೆಸರಿಗೆ ಹೊಂದದಿದ್ದರೆ ಮೆನು ಏನೂ ಮಾಡಲಾರದು. ಹುಡುಕಾಟದಿಂದ ನೇರವಾಗಿ ಒಳಪುಟಕ್ಕೆ ಬರುವವರು ಮೆನುವನ್ನೇ ನೋಡದಿರಬಹುದು. ಅವೆಲ್ಲಕ್ಕೂ ನಿಜವಾದ ಅರ್ಜಿಯನ್ನೇ ಜನರ ಕೈಯಲ್ಲಿ ತುಂಬಿಸಿ ನೋಡಬೇಕು.

ಜಾಲತಾಣ ಹೊಸದಾಗಿ ಮಾಡಿಸುವ ಅಧಿಕಾರಿಗಳಲ್ಲಿ ಒಂದು ಕೋರಿಕೆ. ಗುತ್ತಿಗೆದಾರರು ಬಣ್ಣದ ಪುಟಗಳನ್ನು ತೋರಿಸುವ ಮೊದಲೇ ಒಂದು ಪಟ್ಟಿ ಕೇಳಿ ಪಡೆಯಿರಿ. ಯಾವ ಪ್ರಶ್ನೆಯನ್ನು ಯಾವ ಮಾತಿನಲ್ಲಿ ಕೇಳಿದರು, ಎಷ್ಟು ಜನರಿಗೆ ಕೇಳಿದರು, ತಪ್ಪಿದವರು ಎಲ್ಲಿ ಹೋಗಿ ನಿಂತರು ಎಂಬುದು ಅದರಲ್ಲಿರಲಿ. ಆ ಪಟ್ಟಿ ಕೈಗೆ ಬರುವ ತನಕ ಮೆನುವಿಗೆ ಒಪ್ಪಿಗೆ ಕೊಡಬೇಡಿ.